ಗಂಜೀಫ: ದುಂಡನೆಯ ಎಲೆಗಳ ಆಟ

ಗಂಜೀಫ ಎಂದರೆ ಭಾರತದಲ್ಲಿ ಇಸ್ಪೀಟಿಗೂ ಮೊದಲು ಆಡುತ್ತಿದ್ದ ಎಲೆಯಾಟ. ಇದರ ಎಲೆಗಳು ಹೆಚ್ಚಾಗಿ ದುಂಡಗಿರುತ್ತವೆ. ಕೆಲವು ಕಟ್ಟುಗಳ ಎಲೆ ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ಕೆಲವದು ಅಂಗೈಯಗಲ. ಪ್ರತಿ ಎಲೆಯನ್ನೂ ಕೈಯಲ್ಲೇ ಮಾಡಿ, ಕೈಯಲ್ಲೇ ಬಣ್ಣ ಹಾಕಿ ಚಿತ್ರ ಬರೆಯುತ್ತಾರೆ. ಸಾಮಾನ್ಯ ಕಟ್ಟಿನಲ್ಲಿ 96 ಎಲೆಗಳಿದ್ದರೆ ದಶಾವತಾರದ ಕಟ್ಟಿನಲ್ಲಿ 120 ಇರುತ್ತವೆ. ಇಂದು ಇವು ಕಾಣಸಿಗುವುದು ಹೆಚ್ಚಾಗಿ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಅಥವಾ ಕರಕುಶಲ ವಸ್ತುಗಳ ಅಂಗಡಿಯಲ್ಲಿ. ಹಾಗಾಗಿ ನೋಡಿದವರ ಗಮನವೆಲ್ಲ ಚಿತ್ರಗಳ ಮೇಲೆ ನಿಲ್ಲುತ್ತದೆ. ಆದರೆ ಈ ಎಲೆಗಳನ್ನು ಮಾಡಿದ್ದು ಆಡುವುದಕ್ಕೆ. ಗಂಜೀಫಕ್ಕೂ 52 ಎಲೆಗಳ ಇಸ್ಪೀಟಿಗೂ ಇರುವ ನಿಜವಾದ ವ್ಯತ್ಯಾಸ ಎಲೆಯ ಆಕಾರದಲ್ಲಿಲ್ಲ, ಎಲೆಗಳ ಮೇಲು-ಕೀಳಿನ ಕ್ರಮದಲ್ಲಿ ಮತ್ತು ಆ ಕ್ರಮ ಆಟಗಾರನ ನೆನಪಿನ ಮೇಲೆ ಹೊರಿಸುವ ಭಾರದಲ್ಲಿದೆ.

ಗಂಜೀಫ ಎಂಬ ಹೆಸರು ಪರ್ಷಿಯನ್ ಭಾಷೆಯ ಮೂಲಕ ಬಂದದ್ದು. ಭಾರತದಲ್ಲಿ ಇದರ ಖಚಿತವಾದ ಮೊದಲ ಉಲ್ಲೇಖಗಳಲ್ಲಿ ಒಂದು ಬಾಬರನ ಆತ್ಮಕಥೆಯಲ್ಲಿದೆ. ಸಿಂಧ್ ಪ್ರಾಂತದ ಷಾ ಹಸನ್‌ಗೆ ಈ ಎಲೆಗಳೆಂದರೆ ಬಹಳ ಇಷ್ಟವೆಂದು ತಿಳಿದು, ತಾನು 1527ರಲ್ಲಿ ಅವನಿಗೆ ಗಂಜೀಫ ಕಳುಹಿಸಿಕೊಟ್ಟೆನೆಂದು ಬಾಬರ ಬರೆದುಕೊಂಡಿದ್ದಾನೆ. ಅವನ ಮೊಮ್ಮಗ ಅಕ್ಬರನ ಕಾಲಕ್ಕೆ ಆಟ ಆಸ್ಥಾನದಲ್ಲಿ ಚೆನ್ನಾಗಿ ಬೇರೂರಿತ್ತು. ಅಬುಲ್ ಫಜಲ್ ತನ್ನ ‘ಐನ್-ಇ-ಅಕ್ಬರಿ’ಯಲ್ಲಿ ಅದನ್ನು ವಿವರವಾಗಿಯೇ ವರ್ಣಿಸುತ್ತಾನೆ.

ಅವನು ಮೊದಲು ಹೇಳುವುದು 144 ಎಲೆಗಳ ಒಂದು ಹಳೆಯ ಕಟ್ಟಿನ ಬಗ್ಗೆ. ಅದರಲ್ಲಿ 12 ರಂಗುಗಳು, ಒಂದೊಂದು ರಂಗಿಗೆ 12 ಎಲೆಗಳು. ರಂಗುಗಳ ಹೆಸರು ಕನ್ನಡಿಗರ ಕಿವಿಗೆ ಹೊಸದೇನೂ ಅಲ್ಲ: ಅಶ್ವಪತಿ, ಗಜಪತಿ, ನರಪತಿ, ಗಡಪತಿ, ಧನಪತಿ, ದಳಪತಿ, ನಾವಪತಿ, ಸ್ತ್ರೀಪತಿ, ಸುರಪತಿ, ಅಸುರಪತಿ, ವನಪತಿ, ಅಹಿಪತಿ. ಕುದುರೆ, ಆನೆ, ಕಾಲಾಳು, ಕೋಟೆ, ಬೊಕ್ಕಸ, ಸೇನೆ, ಹಡಗು ಎಂದು ರಾಜ್ಯಬಲದ ಅಂಗಗಳಿಂದ ಹೊರಟು, ದೇವತೆ, ರಾಕ್ಷಸ, ಕಾಡುಮೃಗ, ಹಾವುಗಳ ಒಡೆಯರವರೆಗೆ ಈ ಸಾಲು ಹೋಗುತ್ತದೆ. ಗಜಪತಿಯ ರಾಜನನ್ನು ವಿವರಿಸುವಾಗ ಅಬುಲ್ ಫಜಲ್ ಒರಿಸ್ಸಾದ ಅರಸರನ್ನು ನೆನೆಯುತ್ತಾನೆ. ಕಾಲಾಳುಗಳ ಬಲವನ್ನೇ ನಂಬಿದ ನರಪತಿಗೆ ಅವನು ಕೊಡುವ ಉದಾಹರಣೆ ವಿಜಾಪುರದ ಅರಸರದು. ಆ ಕಾಲದ ಭಾರತದಲ್ಲಿ ಯಾವ ರಾಜ್ಯದ ಶಕ್ತಿ ಯಾವುದರಲ್ಲಿದೆ ಎಂಬ ತಿಳಿವಳಿಕೆ ಎಲೆಯಾಟದ ರಂಗುಗಳಲ್ಲೂ ಹೀಗೆ ಮೂಡಿತ್ತು.

ಅಕ್ಬರ ಈ ಕಟ್ಟನ್ನು ಬದಲಾಯಿಸಿದನು. ಮುಂದೆ ದೇಶದ ತುಂಬ ಹರಡಿದ್ದು ಎಂಟು ರಂಗುಗಳ, 96 ಎಲೆಗಳ ಕಟ್ಟು. ಇದನ್ನು ಮೊಘಲ್ ಗಂಜೀಫ ಎನ್ನುತ್ತಾರೆ. ಇದರ ರಂಗುಗಳು ತಾಜ್ ಅಂದರೆ ಕಿರೀಟ, ಸಫೇದ್ ಅಂದರೆ ಬೆಳ್ಳಿಯ ನಾಣ್ಯ, ಶಂಷೇರ್ ಅಂದರೆ ಕತ್ತಿ, ಗುಲಾಮ್ ಅಂದರೆ ಆಳು, ಚಂಗ್ ಎಂಬ ತಂತಿವಾದ್ಯ, ಸುರ್ಖ್ ಅಂದರೆ ಚಿನ್ನದ ನಾಣ್ಯ, ಬರಾತ್ ಅಂದರೆ ಹಣ ಪಾವತಿಯ ಹುಕುಂಪತ್ರ, ಮತ್ತು ಕಿಮಾಷ್ ಅಂದರೆ ಸರಕು-ಸಾಮಗ್ರಿ. ಒಟ್ಟಿಗೆ ನೋಡಿದರೆ ಇದೊಂದು ಅರಮನೆಯ ಆಡಳಿತವೇ ಸರಿ. ಸಿಂಹಾಸನ, ಎರಡು ಟಂಕಸಾಲೆ, ಆಯುಧಾಗಾರ, ಊಳಿಗದವರು, ಸಂಗೀತ, ದಫ್ತರು, ಉಗ್ರಾಣ ಎಲ್ಲವೂ ಇಲ್ಲಿವೆ. ಇಸ್ಪೀಟಿನಲ್ಲಿ ಗುಲಾಮ ಎಂದರೆ ರಾಣಿಗಿಂತ ಕೆಳಗಿನ ಒಂದು ಎಲೆ. ಗಂಜೀಫದಲ್ಲಿ ಅದು 12 ಎಲೆಗಳ ಇಡೀ ರಂಗು, ಅದಕ್ಕೂ ಒಬ್ಬ ರಾಜನಿದ್ದಾನೆ.

ಪ್ರತಿ ರಂಗಿನಲ್ಲೂ ಆಸ್ಥಾನದ ಎಲೆಗಳು ಎರಡೇ, ರಾಜ ಮತ್ತು ಮಂತ್ರಿ. ರಾಜನನ್ನು ಮೀರ್ ಅಥವಾ ಷಾ ಎಂದೂ ಮಂತ್ರಿಯನ್ನು ವಜೀರ್ ಅಥವಾ ಪ್ರಧಾನ ಎಂದೂ ಕರೆಯುತ್ತಾರೆ. ರಾಜ ಸಾಮಾನ್ಯವಾಗಿ ಸಿಂಹಾಸನದ ಮೇಲೆ, ಛತ್ರದ ಕೆಳಗೆ ಕೂತಿರುತ್ತಾನೆ. ಮಂತ್ರಿ ಹೆಚ್ಚಾಗಿ ಕುದುರೆಯ ಮೇಲಿರುತ್ತಾನೆ. ಅದಕ್ಕೇ ಮರಾಠಿ ಸೀಮೆಯಲ್ಲಿ ಆ ಎಲೆಗೆ ‘ಘೋಡಿ’ ಎಂಬ ಹೆಸರೂ ಇದೆ. ಉಳಿದ ಹತ್ತು ಎಲೆಗಳು ಒಂದರಿಂದ ಹತ್ತರವರೆಗಿನ ಸಂಖ್ಯೆಯವು. ಕತ್ತಿಯ ಐದರಲ್ಲಿ ಐದು ಕತ್ತಿಗಳಿರುತ್ತವೆ, ಕಿರೀಟದ ಏಳರಲ್ಲಿ ಏಳು ಕಿರೀಟಗಳಿರುತ್ತವೆ. ಮೂಲೆಯಲ್ಲಿ ಅಂಕಿಯಾಗಲಿ ಅಕ್ಷರವಾಗಲಿ ಇರುವುದಿಲ್ಲ, ದುಂಡನೆಯ ಎಲೆಗೆ ಮೂಲೆಯೇ ಇಲ್ಲವಲ್ಲ. ಚಿಹ್ನೆಗಳನ್ನು ಎಣಿಸಬೇಕು, ಇಲ್ಲವೇ ಅವನ್ನು ಜೋಡಿಸಿದ ರೀತಿಯಿಂದಲೇ ಸಂಖ್ಯೆಯನ್ನು ಗುರುತಿಸಬೇಕು. ಪಳಗಿದ ಕಣ್ಣಿಗೆ ಎರಡನೆಯದೇ ಸುಲಭ.

ಕೈಯಲ್ಲಿ ಬೀಸಣಿಗೆಯಂತೆ ಹರಡಿ ಹಿಡಿದ ಎಲೆಗಳಲ್ಲಿ ಅಂಚು ಮಾತ್ರ ಕಾಣುತ್ತದೆ. ಹಾಗಾಗಿ ರಂಗನ್ನು ತಿಳಿಸುವ ಕೆಲಸವನ್ನು ಎಲೆಯ ನೆಲದ ಬಣ್ಣ ಮಾಡುತ್ತದೆ. ಒಂದು ರಂಗಿನ 12 ಎಲೆಗಳಿಗೂ ಹಿನ್ನೆಲೆಯ ಬಣ್ಣ ಒಂದೇ. ಎಂಟು ರಂಗಿಗೆ ಎಂಟು ಬಣ್ಣ, ಹತ್ತಕ್ಕೆ ಹತ್ತು ಬಣ್ಣ. ಇಸ್ಪೀಟಿನಲ್ಲಿ ನಾಲ್ಕು ರಂಗುಗಳಿಗೆ ಕೆಂಪು-ಕಪ್ಪು ಎಂಬ ಎರಡೇ ಬಣ್ಣ ಸಾಕಾಗಿದೆ. ಆಟೀನು, ಡೈಮಂಡು, ಇಸ್ಪೇಟು, ಕಳಾವರ್‌ಗಳಲ್ಲಿ ವ್ಯತ್ಯಾಸ ತಿಳಿಸುವುದು ಚಿಹ್ನೆ. ಗಂಜೀಫದಲ್ಲಿ ಬಣ್ಣವೇ ಮೊದಲು ಮಾತಾಡುತ್ತದೆ, ಚಿಹ್ನೆ ಆಮೇಲೆ. ಯಾವ ರಂಗಿಗೆ ಯಾವ ಬಣ್ಣ ಎಂಬುದು ಮಾತ್ರ ಊರಿಂದೂರಿಗೆ ಬೇರೆ. ಒಂದು ಊರಿನ ಕಟ್ಟಿನಲ್ಲಿ ಪಳಗಿದವರು ಇನ್ನೊಂದು ಊರಿನ ಕಟ್ಟನ್ನು ಕೈಗೆತ್ತಿಕೊಂಡರೆ ಮೊದಲ ಕೆಲವು ಆಟ ತಡವರಿಸುವುದು ಸಹಜ.

ಮೊಘಲ್ ಕಟ್ಟಿನ ಅರಮನೆಯ ಚಿಹ್ನೆಗಳ ಜಾಗದಲ್ಲಿ ವಿಷ್ಣುವಿನ ಹತ್ತು ಅವತಾರಗಳನ್ನು ತಂದು ಕಟ್ಟಿದ್ದು ದಶಾವತಾರ ಗಂಜೀಫ. ಮಹಾರಾಷ್ಟ್ರದ ಸಾವಂತವಾಡಿ, ಬಂಗಾಳದ ಬಿಷ್ಣುಪುರ, ಒಡಿಶಾ ಮತ್ತು ದಕ್ಷಿಣದ ಹಲವು ಕಡೆ ಇದು ಬೆಳೆಯಿತು. ಹತ್ತು ರಂಗು, ರಂಗಿಗೆ 12 ಎಲೆ, ಒಟ್ಟು 120. ರಾಜನ ಎಲೆಯಲ್ಲಿ ಅವತಾರವೇ ಕೂತಿರುತ್ತದೆ. ಸಂಖ್ಯೆಯ ಎಲೆಗಳಲ್ಲಿ ಆ ಅವತಾರದ ಗುರುತು. ಮತ್ಸ್ಯಕ್ಕೆ ಮೀನು, ಕೂರ್ಮಕ್ಕೆ ಆಮೆ, ಪರಶುರಾಮನಿಗೆ ಕೊಡಲಿ ಎಂಬಲ್ಲಿ ಗೊಂದಲವಿಲ್ಲ. ಉಳಿದವುಗಳಲ್ಲಿ ಪ್ರಾಂತಭೇದ ಹೆಚ್ಚು. ವಾಮನನಿಗೆ ಒಂದು ಕಡೆ ಕಮಂಡಲು, ಇನ್ನೊಂದು ಕಡೆ ಛತ್ರಿ. ರಾಮನಿಗೆ ಬಿಲ್ಲು-ಬಾಣ, ಕೆಲವೆಡೆ ಕಪಿ. ವರಾಹಕ್ಕೆ ಹಂದಿಯ ಬದಲು ಶಂಖ ಬರುವುದುಂಟು. ಕೃಷ್ಣನಿಗೆ ಹಸು ಅಥವಾ ಚಕ್ರ, ಕಲ್ಕಿಗೆ ಕುದುರೆ ಅಥವಾ ಕತ್ತಿ. ಒಂಬತ್ತನೆಯ ಅವತಾರ ಯಾರು ಎಂಬುದರಲ್ಲೂ ಒಮ್ಮತವಿಲ್ಲ. ಬುದ್ಧನ ಜಾಗದಲ್ಲಿ ಒಡಿಶಾ, ಬಂಗಾಳಗಳ ಕಲಾವಿದರು ಪುರಿಯ ಜಗನ್ನಾಥನನ್ನು ಬರೆಯುತ್ತಾರೆ. ಬಿಷ್ಣುಪುರದ ಎಲೆಗಳಲ್ಲಿ ಕೃಷ್ಣನ ಜಾಗಕ್ಕೆ ಬಲರಾಮ ಬರುತ್ತಾನೆ. ಆಯಾ ಸೀಮೆಯ ಜನ ಯಾವ ದೇವರನ್ನು ಹೇಗೆ ಕಂಡರೋ ಹಾಗೆಯೇ ಅವರ ಎಲೆಯಾಟವೂ ರೂಪುಗೊಂಡಿತು.

ಇಸ್ಪೀಟು ಗೊತ್ತಿದ್ದವರು ಎಡವುವುದು ಇನ್ನು ಮುಂದೆ. ಇಸ್ಪೀಟಿನಲ್ಲಿ ನಾಲ್ಕು ರಂಗಿಗೂ ಕ್ರಮ ಒಂದೇ. ಎಕ್ಕ ದೊಡ್ಡದಾದರೆ ಎಲ್ಲ ರಂಗಿನಲ್ಲೂ ದೊಡ್ಡದು, ಹತ್ತು ಒಂಬತ್ತಕ್ಕಿಂತ ಮೇಲಾದರೆ ಎಲ್ಲೆಲ್ಲೂ ಮೇಲು. ಗಂಜೀಫದಲ್ಲಿ ರಂಗುಗಳು ಸರಿಪಾಲಾಗಿ ಎರಡು ಗುಂಪು. ಮೊದಲ ಗುಂಪಿನಲ್ಲಿ ರಾಜ, ಮಂತ್ರಿಯ ನಂತರ ಹತ್ತು, ಒಂಬತ್ತು, ಎಂಟು ಎಂದು ಇಳಿಯುತ್ತ ಕೊನೆಗೆ ಎಕ್ಕ ಎಲ್ಲಕ್ಕಿಂತ ಕೀಳಾಗುತ್ತದೆ. ಎರಡನೆಯ ಗುಂಪಿನಲ್ಲಿ ರಾಜ, ಮಂತ್ರಿಯ ನಂತರ ಬರುವುದೇ ಎಕ್ಕ. ಅದರ ಕೆಳಗೆ ಎರಡು, ಮೂರು, ನಾಲ್ಕು ಎಂದು ಸಾಗಿ ಹತ್ತು ತೀರಾ ತಳಕ್ಕೆ ಬೀಳುತ್ತದೆ. ಮೊಘಲ್ ಕಟ್ಟಿನಲ್ಲಿ ತಾಜ್, ಸಫೇದ್, ಶಂಷೇರ್, ಗುಲಾಮ್ ಮೊದಲ ಗುಂಪಿನವು, ಇವನ್ನು ಬಲದ ರಂಗುಗಳೆನ್ನುತ್ತಾರೆ. ಚಂಗ್, ಸುರ್ಖ್, ಬರಾತ್, ಕಿಮಾಷ್ ಎರಡನೆಯ ಗುಂಪಿನವು. ದಶಾವತಾರದಲ್ಲಿ ಸಾಮಾನ್ಯವಾಗಿ ಮತ್ಸ್ಯದಿಂದ ವಾಮನನವರೆಗಿನ ಐದು ಮೊದಲ ಗುಂಪಿಗೂ ಪರಶುರಾಮನಿಂದ ಕಲ್ಕಿಯವರೆಗಿನ ಐದು ಎರಡನೆಯದಕ್ಕೂ ಸೇರುತ್ತವೆ.

ಇದೊಂದು ವಿಚಿತ್ರ ಭಾರತೀಯ ಹವ್ಯಾಸವೆಂದು ತಳ್ಳಿಹಾಕುವಂತಿಲ್ಲ. ಯೂರೋಪಿನ ಹಳೆಯ ಆಟಗಳಲ್ಲೂ ಇದೇ ತಲೆಕೆಳಗಿನ ಲೆಕ್ಕವಿತ್ತು. ಸ್ಪೇನಿನಿಂದ ಹರಡಿದ ಓಂಬ್ರೆ ಎಂಬ ಆಟದಲ್ಲಿಯೂ ಇಟಲಿಯ ಟಾರೋ ಆಟಗಳಲ್ಲಿಯೂ ಬಟ್ಟಲು ಮತ್ತು ನಾಣ್ಯದ ರಂಗುಗಳಲ್ಲಿ ಸಣ್ಣ ಸಂಖ್ಯೆಯೇ ದೊಡ್ಡದನ್ನು ಗೆಲ್ಲುತ್ತಿತ್ತು. ಯೂರೋಪಿಗೆ ಎಲೆಗಳು ಈಜಿಪ್ಟಿನ ಮಾಮ್ಲೂಕರ ರಾಜ್ಯದ ಕಡೆಯಿಂದ ಬಂದವು. ಆ ಕಟ್ಟಿನಲ್ಲಿ ನಾಣ್ಯ, ಬಟ್ಟಲು, ಕತ್ತಿ, ಪೋಲೋ ಕೋಲು ಎಂಬ ನಾಲ್ಕು ರಂಗು, 52 ಎಲೆ. ಅಂದರೆ ಇಸ್ಪೀಟೂ ಗಂಜೀಫವೂ ಪಶ್ಚಿಮ ಏಷ್ಯಾದ ಎಲೆಯಾಟಕ್ಕೇ ಹತ್ತಿರದ ನೆಂಟರು. ಇಸ್ಪೀಟು ಕಾಲಕ್ರಮದಲ್ಲಿ ತಲೆಕೆಳಗಿನ ಕ್ರಮವನ್ನು ಬಿಟ್ಟುಕೊಟ್ಟಿತು, ಗಂಜೀಫ ಬಿಡಲಿಲ್ಲ.

ಆ ಕ್ರಮ ಆಟದಲ್ಲಿ ಏನು ಮಾಡುತ್ತದೆ ಎಂಬುದನ್ನು ದಶಾವತಾರದ ಒಂದು ಆಟದಿಂದಲೇ ನೋಡಬಹುದು. ಆಡುವವರು ಮೂವರು. ಎಲೆಗಳನ್ನು ಒಂದು ಬಟ್ಟೆಯ ಮೇಲೆ ಹರಡಿ, ಅಂಗೈಯಿಂದ ಕಲಸುತ್ತಾರೆ. ದಪ್ಪ, ಗಡುಸಾದ ದುಂಡನೆಯ ಎಲೆಗಳನ್ನು ಇಸ್ಪೀಟಿನಂತೆ ಕೈಯಲ್ಲಿ ಪಟಪಟನೆ ಕಲಸಲು ಆಗುವುದಿಲ್ಲ, ಹಾಗೆ ಮಾಡಿದರೆ ಅಂಚು ಸವೆದು ಅರಗು ಚಕ್ಕೆ ಏಳುತ್ತದೆ. ಹಂಚಿದ ಮೇಲೆ ಒಬ್ಬೊಬ್ಬರಿಗೆ 40 ಎಲೆ. ಇಸ್ಪೀಟಿನಲ್ಲಿ ನಾಲ್ವರು ಆಡುವಾಗ ಒಬ್ಬರಿಗೆ ಬರುವುದು 13. ನಲವತ್ತು ಎಲೆಗಳನ್ನು ರಂಗಿನ ಪ್ರಕಾರ ಜೋಡಿಸಿಕೊಂಡು ಹಿಡಿಯುವುದೇ ಒಂದು ಅಭ್ಯಾಸ.

ಮೊದಲು ಇಳಿಯುವವರು ಯಾರು ಎಂಬುದನ್ನು ಸೂರ್ಯ ತೀರ್ಮಾನಿಸುತ್ತಾನೆ. ಹಗಲಿನಲ್ಲಿ ಆಡಿದರೆ ರಾಮನ ರಂಗಿನ ರಾಜ ಯಾರ ಕೈಗೆ ಬಂದಿದೆಯೋ ಅವರು, ರಾತ್ರಿಯಾದರೆ ಕೃಷ್ಣನ ರಾಜ ಬಂದವರು. ಮೊಘಲ್ ಕಟ್ಟಿನಲ್ಲಿ ಇದೇ ನಿಯಮ ಹಗಲಿಗೆ ಚಿನ್ನದ ನಾಣ್ಯದ ರಾಜನನ್ನೂ ರಾತ್ರಿಗೆ ಬೆಳ್ಳಿಯ ನಾಣ್ಯದ ರಾಜನನ್ನೂ ಆರಿಸುತ್ತದೆ. ಬಂಗಾರ ಸೂರ್ಯನದು, ಬೆಳ್ಳಿ ಚಂದ್ರನದು. ಸೂರ್ಯವಂಶದ ರಾಮ, ಚಂದ್ರವಂಶದ ಕೃಷ್ಣ ಎಂಬ ಜೋಡಿ ಅದಕ್ಕೆ ಎಷ್ಟು ಸೊಗಸಾಗಿ ಹೊಂದಿಕೊಂಡಿದೆ ಎಂಬುದು ಗಮನಿಸಬೇಕಾದ ಸಂಗತಿ.

ಹಗಲಿನ ಆಟವೆಂದಿಟ್ಟುಕೊಳ್ಳೋಣ. ಮೊದಲ ಆಟಗಾರನ ಕೈಯಲ್ಲಿ ರಾಮನ ರಾಜ, ಪ್ರಧಾನ, ಎರಡು, ಮೂರು, ಹತ್ತು ಇವೆ. ಮತ್ಸ್ಯದ ಹತ್ತು, ಒಂಬತ್ತು ಮತ್ತು ಎಕ್ಕವೂ ಇವೆ. ರಾಮನ ಎಕ್ಕ ಎರಡನೆಯವನ ಕೈಯಲ್ಲಿದೆ. ಮತ್ಸ್ಯದ ರಾಜ-ಪ್ರಧಾನರು ಮೂರನೆಯವನಲ್ಲಿದ್ದಾರೆ. ಮೊದಲನೆಯವನು ರಾಮನ ರಾಜನ ಜೊತೆಗೆ, ವಾಡಿಕೆಯಂತೆ, ಒಂದು ಕೀಳು ಎಲೆಯನ್ನೂ ಸೇರಿಸಿ ಇಳಿಸುತ್ತಾನೆ. ಉಳಿದಿಬ್ಬರು ಎರಡೆರಡು ಎಲೆ ಹಾಕುತ್ತಾರೆ. ಆರೂ ಎಲೆಗಳು ಅವನ ಪಾಲಿಗೆ. ಮುಂದೆ ಪ್ರಧಾನನನ್ನು ಇಳಿಸುತ್ತಾನೆ. ರಾಜ ಆಗಲೇ ಹೋಗಿರುವುದರಿಂದ ಈ ರಂಗಿನಲ್ಲಿ ಇದನ್ನು ಮೀರುವ ಎಲೆ ಯಾರಲ್ಲೂ ಇಲ್ಲ. ಹೀಗೆ ತನ್ನ ರಂಗಿನಲ್ಲಿ ಉಳಿದಿರುವುದರಲ್ಲೇ ಅತಿ ಮೇಲಿನ ಎಲೆಗೆ ಗಂಜೀಫದ ಮಾತಿನಲ್ಲಿ ‘ಹುಕುಂ’ ಎನ್ನುತ್ತಾರೆ. ಹುಕುಂ ಇಳಿದಾಗ ಉಳಿದವರು ತಮಗೆ ಬೇಡವಾದ ಒಂದೊಂದು ಎಲೆಯನ್ನು ಒಪ್ಪಿಸುವುದಷ್ಟೇ.

ಈಗ ರಾಮನ ರಂಗಿನಲ್ಲಿ ಹುಕುಂ ಯಾವುದು? ಇಸ್ಪೀಟಿನ ಅಭ್ಯಾಸದಲ್ಲಿ ಕೈ ತಾನಾಗಿ ಹತ್ತರ ಕಡೆಗೆ ಹೋಗುತ್ತದೆ. ಆದರೆ ರಾಮ ಎರಡನೆಯ ಗುಂಪಿನವನು. ಇಲ್ಲಿ ಎಕ್ಕವೇ ಮೇಲು, ಅದಿನ್ನೂ ಬಿದ್ದಿಲ್ಲ. ಹತ್ತು ಈ ರಂಗಿನ ಕಟ್ಟಕಡೆಯ ಎಲೆ. ಅದನ್ನು ಇಳಿಸಿದರೆ ಯಾರು ಬೇಕಾದರೂ ಗೆಲ್ಲುತ್ತಾರೆ. ಎಲೆ ಒಪ್ಪಿಸಬೇಕಾಗಿ ಬಂದಾಗ ಮೊದಲು ಕೈಬಿಡಬೇಕಾದದ್ದೇ ಅದು. ಮತ್ಸ್ಯದಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಹತ್ತನ್ನು ಜೋಪಾನವಾಗಿ ಕಾದಿಟ್ಟು ಎಕ್ಕವನ್ನು ಬಿಡಬೇಕು. ಒಂದೇ ಕೈಯಲ್ಲಿ ಎರಡು ಹತ್ತುಗಳಿವೆ, ಒಂದು ಬಂಗಾರ, ಇನ್ನೊಂದು ಕಸ. ಹೊಸಬರು ಸೋಲುವುದು ಹೆಚ್ಚಾಗಿ ಇಂಥ ಕಡೆಯಲ್ಲೇ.

ಮೊದಲನೆಯವನ ಮುಂದೆ ಈಗ ಒಂದು ದಾರಿಯಿದೆ. ಅವನು ರಾಮನ ಎರಡನ್ನು ಬೇಕೆಂದೇ ಇಳಿಸುತ್ತಾನೆ. ಎಕ್ಕ ಇರುವವನು ಅದನ್ನು ಹಾಕಿ ಗೆಲ್ಲುತ್ತಾನೆ. ಒಂದು ಸುತ್ತು ಕೈತಪ್ಪಿತು, ಆದರೆ ಎಕ್ಕವೂ ಎರಡೂ ಹೋದ ಮೇಲೆ ಅವನಲ್ಲಿ ಉಳಿದ ರಾಮನ ಮೂರು ಈಗ ಹುಕುಂ ಆಯಿತು. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಇಳಿಸುವ ಹಕ್ಕು ಎರಡನೆಯವನಿಗೆ ಹೋಗುತ್ತದೆ. ಅವನು ತನ್ನಲ್ಲಿರುವ ಹುಕುಂಗಳನ್ನೆಲ್ಲ ಒಂದರ ಹಿಂದೊಂದು ಇಳಿಸುತ್ತ ಹೋಗುವಾಗ ಮೊದಲನೆಯವನು ಪ್ರತಿ ಸಲವೂ ಒಂದೊಂದು ಎಲೆ ಒಪ್ಪಿಸಬೇಕು. ರಾಮನ ಹತ್ತು, ಮತ್ಸ್ಯದ ಎಕ್ಕದಂಥ ಕೀಳು ಎಲೆಗಳು ಅವನಲ್ಲಿ ಬೇಕಾದಷ್ಟು ಇದ್ದರೆ ಸರಿ. ಅವು ತೀರಿಹೋದರೆ ಕಾದಿಟ್ಟ ಮೂರನ್ನೇ ಒಪ್ಪಿಸುವ ಪ್ರಸಂಗ ಬರುತ್ತದೆ. ಎಲೆ ಕಳೆದುಕೊಂಡು ಎಲೆ ಗಳಿಸುವ ಈ ಲೆಕ್ಕವನ್ನು ಇಳಿಸುವ ಮೊದಲೇ ಹಾಕಬೇಕು.

ಮತ್ಸ್ಯದ ಕಥೆ ಬೇರೆ. ಮೊದಲನೆಯವನ ಹತ್ತು, ಒಂಬತ್ತುಗಳಿಗೆ ಮೂರನೆಯವನ ರಾಜ-ಪ್ರಧಾನರು ಅಡ್ಡ ನಿಂತಿದ್ದಾರೆ. ಮೂರನೆಯವನಿಗೆ ಇಳಿಸುವ ಸರದಿ ಬಂದು ಅವನು ಆ ಎರಡನ್ನೂ ಆಡಿಬಿಟ್ಟ ಕ್ಷಣದಿಂದ ಹತ್ತು ಹುಕುಂ, ಅದರ ಬೆನ್ನಿಗೆ ಒಂಬತ್ತು. ಆ ಎರಡೂ ಬಿದ್ದುವೆಂಬುದನ್ನು ನೆನಪಿಟ್ಟವನಿಗೆ ಎರಡು ಸುತ್ತು ಖಚಿತ. ಮರೆತವನು ಹೆದರಿ ಹತ್ತನ್ನು ಕೈಯಲ್ಲೇ ಇಟ್ಟುಕೊಂಡು ಕೂರುತ್ತಾನೆ.

ಗಂಜೀಫದಲ್ಲಿ ತುರುಪು ಇಲ್ಲ. ಇಸ್ಪೀಟಿನ ಹಲವು ಆಟಗಳಲ್ಲಿ ಕೆಟ್ಟ ಎಲೆ ಬಂದವನನ್ನೂ ಒಂದು ಸಣ್ಣ ತುರುಪು ಕಾಪಾಡುತ್ತದೆ. ಇಲ್ಲಿ ಆ ಆಸರೆಯಿಲ್ಲ. ಒಂದು ರಂಗಿನ ಎಲೆಯನ್ನು ಅದೇ ರಂಗಿನ ಮೇಲಿನ ಎಲೆ ಮಾತ್ರ ಗೆಲ್ಲಬಲ್ಲದು. ಹಾಗಾಗಿ ಆಟದ ಉದ್ದಕ್ಕೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ, ಈ ರಂಗಿನಲ್ಲಿ ಈಗ ಮೇಲಿನ ಎಲೆ ಯಾವುದು? ಹತ್ತು ರಂಗುಗಳಿಗೆ ಹತ್ತು ಉತ್ತರಗಳನ್ನು ಏಕಕಾಲಕ್ಕೆ ತಲೆಯಲ್ಲಿಟ್ಟುಕೊಳ್ಳಬೇಕು. ಐದು ರಂಗಿನಲ್ಲಿ ಹತ್ತರಿಂದ ಕೆಳಗಿಳಿಯುತ್ತ ಎಣಿಸಬೇಕು, ಐದರಲ್ಲಿ ಎಕ್ಕದಿಂದ ಮೇಲೇರುತ್ತ. ಬಿದ್ದ ಎಲೆಗಳನ್ನು ತಿರುವಿ ನೋಡುವಂತಿಲ್ಲ. ಕೊನೆಯಲ್ಲಿ ಗೆದ್ದ ಎಲೆಗಳನ್ನು ಎಣಿಸಿ ಸೋಲು-ಗೆಲುವು ತೀರ್ಮಾನಿಸುತ್ತಾರೆ. ಮೂವರ ಆಟದಲ್ಲಿ ಗೆದ್ದ ಎಲೆಗಳು ಆರಂಭದ 40ಕ್ಕಿಂತ ಹೆಚ್ಚಾದವನು ಲಾಭದಲ್ಲಿ, ಕಡಿಮೆಯಾದವನು ನಷ್ಟದಲ್ಲಿ. ಎಲೆಗಳು ಅಷ್ಟೊಂದು ಇರುವುದರಿಂದ ಅದೃಷ್ಟ ಮೂವರಿಗೂ ಹೆಚ್ಚುಕಡಿಮೆ ಹಂಚಿಹೋಗುತ್ತದೆ, ಫಲಿತಾಂಶವನ್ನು ಬದಲಿಸುವುದು ನೆನಪು. ಹೊತ್ತು ಕಳೆಯುವ ಆಟವೆಂದು ಇದನ್ನು ಕಡೆಗಣಿಸುವುದು ನ್ಯಾಯವಲ್ಲ. ಎಲೆಯಾಟಗಳಲ್ಲೇ ನೆನಪನ್ನು ಇಷ್ಟು ಕಠಿಣವಾಗಿ ಪರೀಕ್ಷಿಸುವವು ಬಹಳ ಇಲ್ಲ.

ಜೂಜಿಗೆಂದೇ ಇದ್ದ ನಕ್ಷ್ ಎಂಬ ಆಟ ಮಾತ್ರ ಬೇರೆಯ ಜಾತಿಯದು. ಅದಕ್ಕೆ 48 ಎಲೆಗಳ ಚಿಕ್ಕ ಕಟ್ಟು ಸಾಕು. ಕೈಗೆ ಬಂದ ಎಲೆಗಳ ಮೊತ್ತವನ್ನು ಹದಿನೇಳಕ್ಕೆ ತರುವುದು ಅಲ್ಲಿನ ಗುರಿ. ಅಲ್ಲಿ ನೆನಪಿಗಿಂತ ಅದೃಷ್ಟಕ್ಕೇ ಹೆಚ್ಚು ಕೆಲಸ.

ಎಲೆ ಮಾಡುವ ವಿಧಾನವನ್ನೂ ಆಟವೇ ನಿರ್ಧರಿಸಿತು. ನೂರಾರು ಸಲ ಕಲಸಿ, ಹಂಚಿ, ಎಸೆದರೂ ಬಾಗದೆ ಉಳಿಯುವ ಗಡುಸು ಬೇಕು. ಹಿಂಬದಿಯಿಂದ ನೋಡಿದರೆ ಯಾವ ಎಲೆಯೆಂದು ತಿಳಿಯಬಾರದು. ಬಿಷ್ಣುಪುರದಲ್ಲಿ ಹತ್ತಿಯ ಬಟ್ಟೆಯ ಹಲವು ಪದರಗಳನ್ನು ಹುಣಸೆ ಬೀಜದ ಅಂಟಿನಿಂದ ಒಂದರ ಮೇಲೊಂದು ಅಂಟಿಸುತ್ತಾರೆ. ಅದರ ಮೇಲೆ ಸೀಮೆಸುಣ್ಣದ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದು, ಬಿಸಿಲಿಗೆ ಒಣಗಿಸಿ, ನುಣುಪಾದ ಕಲ್ಲಿನಿಂದ ಉಜ್ಜುತ್ತಾರೆ. ಆಮೇಲೆ ದುಂಡಗೆ ಕತ್ತರಿಸಿ ಚಿತ್ರ ಬರೆಯುವುದು. ಹಿಂಬದಿಗೆ ಅರಗಿನ ಲೇಪ. ಒಡಿಶಾದ ರಘುರಾಜಪುರದಲ್ಲಿ ಪಟಚಿತ್ರ ಬರೆಯುವ ಕೈಗಳೇ ಗಂಜೀಫವನ್ನೂ ಬರೆಯುತ್ತವೆ. ಅಲ್ಲಿ ಬಟ್ಟೆಯನ್ನು ಸಿದ್ಧಗೊಳಿಸುವ ಕ್ರಮವೂ ಪಟಚಿತ್ರದ್ದೇ. ಶ್ರೀಮಂತರ ಕಟ್ಟುಗಳು ದಂತದಲ್ಲಿ, ಆಮೆಯ ಚಿಪ್ಪಿನಲ್ಲಿ ಆದದ್ದುಂಟು. ಅಂಥ ದರ್ಬಾರಿನ ಎಲೆಗಳನ್ನು ‘ದರ್ಬಾರ್ ಕಲಂ’ ಎಂದೂ ಜನಸಾಮಾನ್ಯರಿಗೆಂದು ಬೇಗ ಬರೆದ ಅಗ್ಗದ ಎಲೆಗಳನ್ನು ‘ಬಜಾರ್ ಕಲಂ’ ಎಂದೂ ಕರೆಯುತ್ತಿದ್ದರು. ಬಜಾರಿನ ಎಲೆಗಳಲ್ಲಿ ಮೀನೊಂದು ಎರಡೇ ಗೀರಿನಲ್ಲಿ ಮುಗಿದಿರುತ್ತದೆ, ಆದರೆ ಆಡುವವನಿಗೆ ಅಷ್ಟು ಸಾಕು. ಹೀಗೆ ಬೇಗ ಬರೆದ ಎಲೆಗಳಲ್ಲಿರುವ ಚುರುಕು ಎಷ್ಟೋ ಸಲ ದರ್ಬಾರಿನ ಎಲೆಗಳಲ್ಲಿ ಇರುವುದಿಲ್ಲ.

ಕರ್ನಾಟಕದಲ್ಲಿ ಈ ಆಟವನ್ನು ಬೇರೆಲ್ಲೂ ಕಾಣದಷ್ಟು ದೂರ ಕೊಂಡೊಯ್ದವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868). 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡ ಮೇಲೆ ಅವರ ಆಸ್ಥಾನ ಸಾಹಿತ್ಯ, ಚಿತ್ರಕಲೆ ಮತ್ತು ಆಟಗಳ ಕಡೆಗೆ ಮುಖಮಾಡಿತು. ‘ಶ್ರೀತತ್ತ್ವನಿಧಿ’ ಎಂಬ ದೊಡ್ಡ ಸಚಿತ್ರ ಗ್ರಂಥ ಆ ಕಾಲದ್ದು. ಅದರ ಒಂದು ಭಾಗವಾದ ‘ಕೌತುಕನಿಧಿ’ಯಲ್ಲಿ ಆಟಗಳ ವಿವರಗಳಿವೆ. ಎಲೆಯಾಟಗಳಿಗೆ ಅಲ್ಲಿ ‘ಛದ’ ಎಂಬ ಹೆಸರು. ಒಡೆಯರು ರೂಪಿಸಿದ ಛದಗಳ ಮುಂದೆ 120 ಎಲೆಗಳ ದಶಾವತಾರ ಸಣ್ಣದೆನಿಸುತ್ತದೆ. ಚಾಮುಂಡೇಶ್ವರಿ ಛದದಲ್ಲಿ 16 ರಂಗುಗಳು, 320 ಎಲೆಗಳು. ಜಗನ್ಮೋಹನ ಛದದಲ್ಲಿ 18 ರಂಗುಗಳು, 360 ಎಲೆಗಳು. ಅಂದರೆ ಒಂದು ರಂಗಿಗೆ 20 ಎಲೆ. ರಾಜ, ಮಂತ್ರಿ ಎಂಬ ಇಬ್ಬರ ಆಸ್ಥಾನ ಇಲ್ಲಿ ದೊಡ್ಡದಾಯಿತು, ರಂಗುಗಳ ಅಧಿಪತಿಗಳಾಗಿ ದೇವ-ದೇವಿಯರ ಸಾಲೇ ಬಂದಿತು.

ಈ ಹಿಗ್ಗುವಿಕೆಯಲ್ಲಿ ಆಟದ ದೃಷ್ಟಿಯಿಂದ ಒಂದು ಮಿತಿಯೂ ಇದೆ. ಎಂಟು-ಹತ್ತು ರಂಗುಗಳ ಲೆಕ್ಕವನ್ನು ತಲೆಯಲ್ಲಿಡುವುದು ಅಭ್ಯಾಸಬಲದಿಂದ ಸಾಧ್ಯ. ಹದಿನೆಂಟು ರಂಗುಗಳ 360 ಎಲೆಗಳನ್ನು ಕೈಯಲ್ಲಿ ಹಿಡಿಯುವುದು, ಬಿದ್ದದ್ದನ್ನು ನೆನಪಿಡುವುದು ಬಿಡುವು, ಪರಿಚಾರಕರು, ವಿದ್ವತ್ತು ಎಲ್ಲ ಒಂದೆಡೆ ಇದ್ದ ಅರಮನೆಗಷ್ಟೇ ಒಗ್ಗುವ ಮಾತು. ದಶಾವತಾರ ಗಂಜೀಫ ಹಳ್ಳಿಯ ಜಗಲಿಗಳವರೆಗೆ ಇಳಿಯಿತು, ಒಡೆಯರ ಛದಗಳು ಆಸ್ಥಾನದಿಂದಾಚೆಗೆ ಹೆಚ್ಚು ದೂರ ಹೋಗಲಿಲ್ಲ. ಆದರೂ ಎಲೆಯಾಟವೊಂದನ್ನು ಪುರಾಣ, ಮೂರ್ತಿಲಕ್ಷಣ, ಗಣಿತಗಳ ಜೊತೆ ಇಷ್ಟು ಶ್ರದ್ಧೆಯಿಂದ ಹೊಸೆದ ಇನ್ನೊಂದು ಪ್ರಯತ್ನ ಭಾರತದಲ್ಲಿ ಕಾಣುವುದಿಲ್ಲ.

ಗಂಜೀಫವನ್ನು ಮನೆಗಳಿಂದ ಹೊರಗೆ ಹಾಕಿದ್ದು ಅಚ್ಚಿನ ಇಸ್ಪೀಟು. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನಿಂದ ಕಾಗದದ ಎಲೆಗಳು ರಾಶಿಗಟ್ಟಲೆ ಬಂದವು. ಅವು ತೆಳು, ಅಗ್ಗ, ಜೇಬಿನಲ್ಲಿ ಹಿಡಿಸುತ್ತವೆ. ನಾಲ್ಕೇ ರಂಗು, ಒಂದೇ ಕ್ರಮ. ಕೈಯಿಂದ ಬರೆದ 120 ಎಲೆಗಳ ಕಟ್ಟು, ಅದನ್ನಿಡುವ ಬಣ್ಣದ ಮರದ ಪೆಟ್ಟಿಗೆ, ಇವುಗಳ ಬೆಲೆಯೂ ಅವುಗಳಿಗೆ ಬೇಕಾದ ಬಿಡುವೂ ಈ ಪೈಪೋಟಿಯಲ್ಲಿ ನಿಲ್ಲಲಿಲ್ಲ. ಒಂದು ಎಲೆ ಕಳೆದರೆ ಇಸ್ಪೀಟಿನ ಕಟ್ಟನ್ನೇ ಬಿಸಾಡಿ ಹೊಸದು ತರಬಹುದು. ಗಂಜೀಫದಲ್ಲಿ ಕಳೆದ ಎಲೆಯನ್ನು ಬರೆಯಲು ಮತ್ತೆ ಚಿತ್ರಕಾರನೇ ಬೇಕು, ಹೊಸ ಎಲೆಯ ಹಿಂಬದಿ ಹಳೆಯವುಗಳ ನಡುವೆ ಎದ್ದು ಕಾಣುತ್ತದೆ.

ಚಿತ್ರಕಲೆಯಾಗಿ ಇದು ಉಳಿದುಕೊಂಡದ್ದು ಕೆಲವೇ ಊರುಗಳಲ್ಲಿ. ಸಾವಂತವಾಡಿಯಲ್ಲಿ ಅಲ್ಲಿನ ರಾಜಮನೆತನ ಅರಮನೆಯಲ್ಲೇ ಕಲಾವಿದರನ್ನು ಕೂರಿಸಿ ಕಸುಬನ್ನು ಮತ್ತೆ ಹಿಡಿಸಿತು. ಬಿಷ್ಣುಪುರದಲ್ಲಿ ಫೌಜದಾರ್ ಮನೆತನದವರು ತಲೆಮಾರುಗಳಿಂದ ದಶಾವತಾರದ ಎಲೆಗಳನ್ನು ಬರೆಯುತ್ತ ಬಂದಿದ್ದಾರೆ. ಮೈಸೂರಿನಲ್ಲಿ ಗಂಜೀಫ ರಘುಪತಿ ಭಟ್ಟರು ಈ ಕಲೆಯನ್ನು ಮತ್ತೆ ಜನರ ಕಣ್ಣಿಗೆ ತಂದರು. ಮೈಸೂರು ಗಂಜೀಫ ಎಲೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಆದರೆ ಇವುಗಳಲ್ಲಿ ಹೆಚ್ಚಿನವು ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುವುದಕ್ಕೆ ಮಾರಾಟವಾಗುತ್ತವೆ, ಆಡುವುದಕ್ಕಲ್ಲ.

ಗಂಜೀಫವನ್ನು ಕೊಳ್ಳಹೋಗುವವರು ಅದು ಆಡಬಲ್ಲ ಪೂರ್ಣ ಕಟ್ಟೋ ಅಥವಾ ಹತ್ತು ಅವತಾರಗಳ ರಾಜರಷ್ಟೇ ಇರುವ ನೆನಪಿನ ಕಾಣಿಕೆಯೋ ಎಂಬುದನ್ನು ನೋಡಿ ಕೊಳ್ಳಬೇಕು. ಪೂರ್ಣ ದಶಾವತಾರದಲ್ಲಿ ಹತ್ತು ನೆಲಬಣ್ಣಗಳು, ಪ್ರತಿ ಬಣ್ಣದಲ್ಲೂ ಒಬ್ಬ ರಾಜ, ಒಬ್ಬ ಪ್ರಧಾನ, ಒಂದರಿಂದ ಹತ್ತರವರೆಗಿನ ಸಂಖ್ಯೆಗಳು ಇರಲೇಬೇಕು. ಹಿಂಬದಿಗಳೆಲ್ಲ ಒಂದೇ ಸಮನಾಗಿರಬೇಕು. ಅಂಥ ಕಟ್ಟು ಸಿಕ್ಕಿದರೆ ಅದನ್ನು ಚೌಕಟ್ಟಿಗೆ ಹಾಕದೆ, ಇನ್ನಿಬ್ಬರನ್ನು ಕರೆದು ಕೂರಿಸಿಕೊಂಡು, ಒಂದು ಹಗಲು ರಾಮನ ರಾಜನಿಂದ ಆಟ ಶುರುಮಾಡಿ ನೋಡಿ.